ಇನ್‌ವಾಯ್ಸ್ ಕಳಿಸುವ ಇಮೇಲ್: ಮೊತ್ತ, ಕೊನೆಯ ದಿನ, ಪಾವತಿ ದಾರಿ ಕಣ್ಣಿಗೆ ಬೀಳುವಂತೆ ಬರೆಯುವುದು ಹೇಗೆ?

ಕೆಲಸ ಮುಗಿಸಿ ಇನ್‌ವಾಯ್ಸ್ ಕಳಿಸಿದ್ದೀರಿ. ಹಣ ಮಾತ್ರ ಬಂದಿಲ್ಲ. ಹಲವು ಸಲ ಇದಕ್ಕೆ ಕಾರಣ ಹಣ ಕೊಡುವವರ ಮನಸ್ಸಲ್ಲ, ನಾವು ಬರೆದ ಮೇಲ್. ಪಿಡಿಎಫ್ ತೆರೆದು ನೋಡದೆ ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಎಂದು ತಿಳಿಯದಿದ್ದರೆ, ಓದುವವರು ‘ಆಮೇಲೆ ನೋಡೋಣ’ ಎಂದು ಬಿಟ್ಟುಬಿಡುತ್ತಾರೆ. ಒಬ್ಬ ವಿನ್ಯಾಸಕಾರ ಕಳಿಸುವಂಥ ಈ ಮೇಲ್ ನೋಡಿ:

> ವಿಷಯ: ಇನ್‌ವಾಯ್ಸ್
>
> ನಮಸ್ಕಾರ ಮೇಡಂ, ಹೇಗಿದ್ದೀರಿ? ಕೈಪುಸ್ತಕದ ಕೆಲಸ ನಿಮಗೆ ಹಿಡಿಸಿತು ಎಂದು ಕೇಳಿ ಖುಷಿಯಾಯಿತು. ಅದರ ಇನ್‌ವಾಯ್ಸ್ ಲಗತ್ತಿಸಿದ್ದೇನೆ. ಬ್ಯಾಂಕ್ ವಿವರ ಅದರಲ್ಲೇ ಇದೆ. ದಯವಿಟ್ಟು ಆದಷ್ಟು ಬೇಗ ಪಾವತಿಸಿ.

ಮರ್ಯಾದೆಯಿಂದಲೇ ಬರೆದಿದ್ದಾರೆ. ಆದರೆ ಬೇಕಾದ ಮೂರು ಸಂಗತಿಗಳಲ್ಲಿ ಒಂದೂ ಇಲ್ಲಿಲ್ಲ. ಇದನ್ನೇ ತಿದ್ದೋಣ.

ಮೊದಲು ವಿಷಯದ ಸಾಲು

ಫೋನಿನಲ್ಲಿ ಈ ಸಾಲಿನ ಮೊದಲ ನಾಲ್ಕೈದು ಪದ ಮಾತ್ರ ಕಾಣುತ್ತವೆ, ಉಳಿದದ್ದು ಕತ್ತರಿಸಿಹೋಗುತ್ತದೆ. ಹಾಗಾಗಿ ಮೊತ್ತ ಮತ್ತು ದಿನಾಂಕ ಮುಂದೆ ಬರಲಿ, ಕೆಲಸದ ಹೆಸರು ಹಿಂದೆ ಇರಲಿ. ಇನ್‌ವಾಯ್ಸ್ ಸಂಖ್ಯೆಯೂ ಬೇಕು, ಏಕೆಂದರೆ ಎರಡು ತಿಂಗಳ ನಂತರ ಅಕೌಂಟ್ಸ್‌ನವರು ಹುಡುಕುವುದು ಅದನ್ನೇ. ಹಳೆಯ ಮಾತುಕತೆಗೆ ರಿಪ್ಲೈ ಮಾಡಿ ಇನ್‌ವಾಯ್ಸ್ ಕಳಿಸಬೇಡಿ. ಹಳೆಯ ವಿಷಯದ ಸಾಲೇ ಮೇಲೆ ಉಳಿದು, ಹೊಸ ಮೇಲ್ ಬಂದದ್ದೇ ಗೊತ್ತಾಗುವುದಿಲ್ಲ.

ನಂತರ ದಿನಾಂಕ

‘ಆದಷ್ಟು ಬೇಗ’ ಎಂದರೆ ಯಾವತ್ತು? ಒಬ್ಬೊಬ್ಬರಿಗೆ ಒಂದೊಂದು ಅರ್ಥ. ‘15 ದಿನದೊಳಗೆ’ ಎಂದರೂ ಗೊಂದಲವೇ. ಇನ್‌ವಾಯ್ಸ್‌ನ ದಿನಾಂಕದಿಂದಲೋ, ಮೇಲ್ ತಲುಪಿದ ದಿನದಿಂದಲೋ? ಲೆಕ್ಕ ನೀವೇ ಹಾಕಿ. ಇನ್‌ವಾಯ್ಸ್ ದಿನಾಂಕ ಜೂನ್ 4 ಆಗಿದ್ದು, ಒಪ್ಪಿಕೊಂಡ ಗಡುವು 15 ದಿನವಾಗಿದ್ದರೆ, ‘19 ಜೂನ್ 2025, ಗುರುವಾರ’ ಎಂದು ಬರೆಯಿರಿ. ತಿಂಗಳ ಹೆಸರು ಅಕ್ಷರದಲ್ಲೇ ಇರಲಿ. 04/06 ಎಂಬುದನ್ನು ಕೆಲವರು ಜೂನ್ 4 ಎಂದು ಓದುತ್ತಾರೆ, ಕೆಲವರು ಏಪ್ರಿಲ್ 6 ಎಂದು. ಗಡುವು ರಜೆಯ ದಿನಕ್ಕೆ ಬೀಳದಂತೆಯೂ ನೋಡಿಕೊಳ್ಳಿ.

ಈಗ ಮೇಲ್‌ನ ಒಡಲು

ನಿಮ್ಮ ಪರಿಚಯದವರು ಮೇಲ್ ಓದುತ್ತಾರೆ, ಆದರೆ ಹಣ ಹಾಕುವವರು ಬೇರೆಯೇ ಇರಬಹುದು ಅಲ್ವಾ? ಅವರಿಗೆ ಇದು ಫಾರ್ವರ್ಡ್ ಆಗಿ ಹೋಗುತ್ತದೆ. ಹಿನ್ನೆಲೆ ಗೊತ್ತಿಲ್ಲದವರೂ ಇದೊಂದನ್ನೇ ಓದಿ ಹಣ ಕಳಿಸುವಂತಿರಬೇಕು.

> ವಿಷಯ: ರೂ. 48,000, ಜೂನ್ 19ರೊಳಗೆ – ಇನ್‌ವಾಯ್ಸ್ 117, ಕೈಪುಸ್ತಕ ವಿನ್ಯಾಸ
>
> ನಮಸ್ಕಾರ ಮೇಡಂ,
>
> ಕೈಪುಸ್ತಕ ವಿನ್ಯಾಸದ ಇನ್‌ವಾಯ್ಸ್ 117 ಲಗತ್ತಿಸಿದ್ದೇನೆ.
>
> ಕೊಡಬೇಕಾದ ಮೊತ್ತ: ರೂ. 48,000 (ತೆರಿಗೆ ಸೇರಿ)
> ಕೊನೆಯ ದಿನ: 19 ಜೂನ್ 2025, ಗುರುವಾರ
>
> ಪಾವತಿಸುವ ದಾರಿ (ಯಾವುದಾದರೂ ಒಂದು):
> 1. ಬ್ಯಾಂಕ್ ವರ್ಗಾವಣೆ: [ಖಾತೆದಾರರ ಹೆಸರು, ಖಾತೆ ಸಂಖ್ಯೆ, ಬ್ಯಾಂಕ್ ಕೋಡ್]
> 2. ಕಾರ್ಡ್: [ಪಾವತಿ ಲಿಂಕ್]
>
> ಪಾವತಿಸುವಾಗ ‘117’ ಎಂದು ನಮೂದಿಸಿ. ಏನಾದರೂ ತಿದ್ದುಪಡಿ ಬೇಕಿದ್ದರೆ ಈ ಮೇಲ್‌ಗೇ ಉತ್ತರಿಸಿ.
>
> ಕೈಪುಸ್ತಕ ನಿಮಗೆ ಹಿಡಿಸಿದ್ದು ಖುಷಿ ಕೊಟ್ಟಿತು. ವಂದನೆಗಳು.

ಕುಶಲದ ಮಾತು ಹೋಗಿಲ್ಲ, ಕೆಳಗೆ ಇಳಿದಿದೆ ಅಷ್ಟೆ. ದಪ್ಪ ಅಕ್ಷರ ಬಳಸುವುದಾದರೆ ಮೊತ್ತ, ಕೊನೆಯ ದಿನ, ಪಾವತಿ ದಾರಿ ಈ ಮೂರೇ ಕಡೆ ಸಾಕು. ಜಾಸ್ತಿ ಕಡೆ ಹಾಕಿದರೆ ಯಾವುದೂ ಎದ್ದು ಕಾಣದು. ಕೆಲವು ಮೇಲ್ ಆ್ಯಪ್‌ಗಳು ದಪ್ಪ ಅಕ್ಷರವನ್ನು ತೋರಿಸುವುದೇ ಇಲ್ಲ. ಅದಕ್ಕೇ ಒಂದೊಂದು ಸಂಗತಿಗೆ ಒಂದೊಂದು ಸಾಲು ಕೊಟ್ಟಿರುವುದು. ದಪ್ಪ ಅಕ್ಷರ ಹೋದರೂ ಸಾಲು ಉಳಿಯುತ್ತದೆ. ಟೇಬಲ್ ಬೇಡ, ಸಣ್ಣ ಪರದೆಯಲ್ಲಿ ಮುರಿದುಬೀಳುತ್ತದೆ.

ಪಾವತಿಗೆ ಎರಡು ದಾರಿ ಸಾಕು. ಐದಾರು ಕೊಟ್ಟರೆ ಯಾವುದು ಎಂದು ಯೋಚಿಸುವುದರಲ್ಲೇ ಕೆಲಸ ನಿಲ್ಲುತ್ತದೆ. ನಿಮಗೆ ಅನುಕೂಲವಾದದ್ದನ್ನು ಮೊದಲು ಬರೆಯಿರಿ. ಖಾತೆ ಸಂಖ್ಯೆಯನ್ನು ಚಿತ್ರವಾಗಿ ಅಂಟಿಸಬೇಡಿ, ಕಾಪಿ ಮಾಡಲು ಬರುವ ಅಕ್ಷರವಾಗಿಯೇ ಕೊಡಿ. ಕೈಯಿಂದ ಟೈಪ್ ಮಾಡುವಾಗಲೇ ಅಂಕಿ ತಪ್ಪುವುದು.

ನಿಮ್ಮ ಖಾತೆ ಬದಲಾಗಿದ್ದರೆ, ಅದನ್ನು ತಿಳಿಸಲು ಮೇಲ್ ಒಂದನ್ನೇ ನಂಬಬೇಡಿ. ‘ನಮ್ಮ ಖಾತೆ ಬದಲಾಗಿದೆ’ ಎಂದು ಬೇರೆಯವರ ಹೆಸರಲ್ಲಿ ಬರೆದು ಹಣ ಹೊಡೆಯುವ ಮೋಸ ಎಲ್ಲ ಕಡೆ ಇದೆ. ಎಚ್ಚರವಿರುವ ಅಕೌಂಟ್ಸ್‌ನವರು ಅಂಥ ಮೇಲ್ ಬಂದರೆ ಪಾವತಿಯನ್ನೇ ತಡೆಹಿಡಿಯುತ್ತಾರೆ. ಮೊದಲೇ ಫೋನ್ ಮಾಡಿ ಹೇಳಿ.

ಕಳಿಸುವ ಮುನ್ನ

ಒಮ್ಮೆ ನಿಮಗೇ ಕಳಿಸಿಕೊಂಡು ಫೋನಿನಲ್ಲಿ ತೆರೆಯಿರಿ. ಬೆರಳು ಸರಿಸದೆ ಮೊತ್ತ, ದಿನಾಂಕ ಕಾಣಬೇಕು. ಪಿಡಿಎಫ್‌ನಲ್ಲಿರುವ ಮೊತ್ತ, ಸಂಖ್ಯೆ, ದಿನಾಂಕ ಮೇಲ್‌ನಲ್ಲಿರುವುದಕ್ಕೆ ಹೊಂದುತ್ತವೆಯೇ ನೋಡಿ. ಹಳೆಯ ಮೇಲ್ ನಕಲು ಮಾಡಿದಾಗ ಹೋದ ತಿಂಗಳ ಮೊತ್ತ ಹಾಗೇ ಉಳಿದುಬಿಡುವುದುಂಟು. ಎರಡು ಕಡೆ ಎರಡು ಮೊತ್ತ ಕಂಡರೆ ಯಾವುದು ಸರಿ ಎಂದು ಕೇಳಿ ಉತ್ತರ ಸಿಗುವವರೆಗೆ ಅವರು ಹಣ ಹಾಕುವುದಿಲ್ಲ.

ಜೂನ್ 19 ದಾಟಿದರೆ ಹೊಸದಾಗಿ ಬರೆಯುವುದು ಬೇಡ. ಇದೇ ಮೇಲ್ ಫಾರ್ವರ್ಡ್ ಮಾಡಿ, ಪಿಡಿಎಫ್ ಜೊತೆಗಿದೆಯೇ ಎಂದು ಖಚಿತಪಡಿಸಿಕೊಂಡು, ಮೇಲೆ ಒಂದು ಸಾಲು ಸೇರಿಸಿ: ‘ಇನ್‌ವಾಯ್ಸ್ 117ರ ರೂ. 48,000 ನಿನ್ನೆಗೆ ಬರಬೇಕಿತ್ತು. ಯಾವ ದಿನ ಹಾಕುತ್ತೀರಿ ಎಂದು ತಿಳಿಸುತ್ತೀರಾ?’