ಮೊದಲು ಓವರ್ ಎಣಿಸಿ, ಆಮೇಲೆ ವಿಕೆಟ್: ಬೌಲರ್ ಲೈನ್ ಅಳೆಯುವುದು ಹೇಗೆ?

ಶಿರಸಿಯಲ್ಲಿ ನಾವು ನಾಲ್ಕೈದು ಜನ ಟಿ20 ಇದ್ದ ಸಂಜೆ ಒಂದು ನೋಟ್‌ಬುಕ್ ಇಟ್ಟುಕೊಂಡು ಕೂರುತ್ತೇವೆ. ಬೌಲರ್‌ಗಳ ಲೈನ್, ಅಂದರೆ ಯಾರು ಎಷ್ಟು ವಿಕೆಟ್ ತೆಗೆಯಬಹುದು ಅನ್ನುವ ಬೆಟ್ಟಿಂಗ್ ಅಂಕಿ, ಬರೆಯುತ್ತೇವೆ, ಪಂದ್ಯ ಮುಗಿದ ಮೇಲೆ ತಾಳೆ ನೋಡುತ್ತೇವೆ. ದುಡ್ಡು ಇಲ್ಲ. ಕರ್ನಾಟಕದಲ್ಲಿ ಕ್ರಿಕೆಟ್ ಬೆಟ್ಟಿಂಗ್ ಅಪರಾಧ, 2025ರ ಕೇಂದ್ರ ಕಾನೂನು ದುಡ್ಡು ಕಟ್ಟುವ ಆನ್‌ಲೈನ್ ಆಟಗಳನ್ನೂ ನಿಷೇಧಿಸಿದೆ. ಇಂಗ್ಲೆಂಡ್, ಆಸ್ಟ್ರೇಲಿಯದಲ್ಲಿ ಕ್ರಿಕೆಟ್ ಬೆಟ್ಟಿಂಗ್ ಕಾನೂನುಬದ್ಧ, ಲೈನ್ ಅನ್ನುವ ಪದ್ಧತಿಯೂ ಅಂಥ ಕಡೆಯದ್ದೇ. ಆದರೆ ಲೈನ್ ಸರಿಯೋ ತಪ್ಪೋ ಅಂತ ಅಳೆಯುವ ಲೆಕ್ಕ ಕಾಗದದ ಮೇಲೆ ಮಾಡಿದರೂ ಅಷ್ಟೇ ಚೆನ್ನಾಗಿ ನಡೆಯುತ್ತದೆ.

ಲೈನ್ ಅಂದರೆ ಇಷ್ಟೇ. ‘ಈ ಬೌಲರ್, 1.5 ವಿಕೆಟ್’ ಅಂತ ಬರೆದಿರುತ್ತದೆ. ಎರಡು ಅಥವಾ ಜಾಸ್ತಿ ಬಿದ್ದರೆ ಮೇಲೆ, ಒಂದು ಅಥವಾ ಸೊನ್ನೆ ಆದರೆ ಕೆಳಗೆ. ರನ್‌ಔಟ್ ಬೌಲರ್ ಖಾತೆಗೆ ಬರುವುದಿಲ್ಲ. ಪಕ್ಕದಲ್ಲಿ ಒಂದು ರೇಟ್ ಇರುತ್ತದೆ, ಅಂದರೆ ಗೆದ್ದರೆ ಕಟ್ಟಿದ ಒಂದು ರೂಪಾಯಿಗೆ ಎಷ್ಟು ವಾಪಸ್ ಅನ್ನುವ ಅಂಕಿ, ಉದಾಹರಣೆಗೆ ಮೇಲಿನ ಬದಿಗೆ 2.80. 100ನ್ನು ಆ ರೇಟ್‌ನಿಂದ ಭಾಗಿಸಿ, 35.7 ಬರುತ್ತದೆ. ಅಂದರೆ 100 ಪಂದ್ಯದಲ್ಲಿ 36 ಸಲವಾದರೂ ಎರಡು ವಿಕೆಟ್ ಬಿದ್ದರೆ ಮಾತ್ರ ಆ ರೇಟ್ ಸರಿ. ಕೆಳಗಿನ ಬದಿಯ ರೇಟ್ 1.44 ಅಂದುಕೊಳ್ಳಿ, ಅದು 69.4. ಎರಡನ್ನೂ ಕೂಡಿದರೆ 105 ಆಗುತ್ತದೆ. 100ರ ಮೇಲಿನ ಆ 5 ರೇಟ್ ಬರೆದವನ ಪಾಲು.

ಈಗ ಬೌಲರ್ ಕಡೆ ಬನ್ನಿ. ನಮ್ಮ ಉದಾಹರಣೆಗೆ ಒಬ್ಬ ಎಡಗೈ ಸ್ಪಿನ್ನರ್ ಇರಲಿ, 18 ಚೆಂಡಿಗೆ ಒಂದು ವಿಕೆಟ್ ತೆಗೆಯುವವನು. ಹೆಚ್ಚಿನವರು ಇಲ್ಲೇ ಎಡವುತ್ತಾರೆ. ಟಿ20ಯಲ್ಲಿ ನಾಲ್ಕು ಓವರ್, ಅಂದರೆ 24 ಚೆಂಡು, 24ನ್ನು 18ರಿಂದ ಭಾಗಿಸಿದರೆ 1.33, ಹಾಗಾದರೆ 1.5ಕ್ಕೆ ಹತ್ತಿರ ಇದೆ, ಚೆನ್ನಾಗಿದೆ ಅಂತ ಮುಂದೆ ಹೋಗಿಬಿಡುತ್ತಾರೆ. ನಾಲ್ಕು ಓವರ್ ಅನ್ನುವುದು ನಿಯಮದ ಮಿತಿ ಅಷ್ಟೇ, ಕ್ಯಾಪ್ಟನ್ ಕೊಟ್ಟ ಭರವಸೆ ಅಲ್ಲ.

ಅದಕ್ಕೇ ಓವರ್ ಲೆಕ್ಕ ಮೊದಲು. ಸ್ಪ್ರೆಡ್‌ಶೀಟ್‌ನಲ್ಲಿ ಈ ಸೂತ್ರ ಹಾಕಿ:

```
=1-BINOM.DIST(1,24,1/18,TRUE)
```

24 ಚೆಂಡು ಹಾಕಿದರೆ ಎರಡು ಅಥವಾ ಜಾಸ್ತಿ ವಿಕೆಟ್ ಬೀಳುವ ಸಾಧ್ಯತೆ ಇದು, 100ಕ್ಕೆ ಸುಮಾರು 39. ಅದೇ 24ರ ಜಾಗದಲ್ಲಿ 18 ಹಾಕಿ, 26 ಬರುತ್ತದೆ. 12 ಹಾಕಿದರೆ ಬರೀ 14. ಎರಡು ಓವರ್ ಕಡಿಮೆಯಾದರೆ ಸಾಧ್ಯತೆ ಅರ್ಧವೂ ಉಳಿಯುವುದಿಲ್ಲ ನೋಡಿ.

ಹಾಗಾದರೆ ಎಷ್ಟು ಓವರ್ ಸಿಗಬಹುದು? ಇದನ್ನು ಹೇಳುವುದು ಎದುರಿನ ತಂಡದ ಪಟ್ಟಿ ಮತ್ತು ಟಾಸ್. ಎಡಗೈ ಸ್ಪಿನ್ನರ್‌ನ ಚೆಂಡು ಬಲಗೈ ಬ್ಯಾಟ್ಸ್‌ಮನ್‌ನಿಂದ ಹೊರಕ್ಕೆ ತಿರುಗುತ್ತದೆ, ಎಡಗೈಯವನಿಗೆ ಒಳಕ್ಕೆ ಬರುತ್ತದೆ. ಒಳಕ್ಕೆ ಬರುವ ಚೆಂಡನ್ನು ಲೆಗ್ ಸೈಡ್‌ಗೆ ಎತ್ತುವುದು ಸುಲಭ, ಹಾಗಾಗಿ ಎಡಗೈಯವರು ಕ್ರೀಸ್‌ನಲ್ಲಿದ್ದರೆ ಎಷ್ಟೋ ಕ್ಯಾಪ್ಟನ್‌ಗಳು ಈತನಿಗೆ ಚೆಂಡು ಕೊಡುವುದೇ ಇಲ್ಲ. ಮ್ಯಾಚ್‌ಅಪ್ ಅಂದರೆ ‘ಯಾರು ಯಾರನ್ನು ಔಟ್ ಮಾಡ್ತಾರೆ’ ಅಂತಲೇ ಎಲ್ಲರೂ ಓದುತ್ತಾರೆ, ಆದರೆ ಅದು ಮೊದಲು ಮುಟ್ಟುವುದು ಓವರ್‌ಗಳನ್ನು. ಇನ್ನೊಂದು ಮಾತು, ‘ಈ ಬ್ಯಾಟ್ಸ್‌ಮನ್‌ನನ್ನು ಈತ 11 ಚೆಂಡಿನಲ್ಲಿ ಮೂರು ಸಲ ಔಟ್ ಮಾಡಿದ್ದಾನೆ’ ಅನ್ನುವ ಅಂಕಿ ಸಿಕ್ಕರೆ ಬಿಟ್ಟುಬಿಡಿ. 11 ಚೆಂಡಿನಿಂದ ಏನೂ ಗೊತ್ತಾಗುವುದಿಲ್ಲ. ಎಡಗೈಯವರಿಗೆ ಒಟ್ಟಾರೆ ಹೇಗೆ ಹಾಕುತ್ತಾನೆ ಅಂತ ನೋಡಿ, ಅಲ್ಲಿ ನೂರಾರು ಚೆಂಡು ಸಿಗುತ್ತವೆ.

ಇನ್ನು ಇಬ್ಬನಿ. ನಮ್ಮಲ್ಲಿ ಚಳಿಗಾಲದ ರಾತ್ರಿ ಟೆನಿಸ್ ಬಾಲ್ ಟೂರ್ನಿ ಆಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಒಂಬತ್ತು ಗಂಟೆಯ ನಂತರ ಚೆಂಡು ಹುಲ್ಲಿನ ಮೇಲೆ ಉರುಳಿ ಬಂದರೆ ಸೋಪು ಹಿಡಿದ ಹಾಗೆ ಜಾರುತ್ತದೆ, ಸೊಂಟಕ್ಕೆ ಸಿಕ್ಕಿಸಿದ ಟವೆಲ್ ಎರಡು ಓವರ್‌ಗೇ ಒದ್ದೆ, ಬೆರಳಿನಿಂದ ತಿರುಗಿಸಬೇಕು ಅನ್ನುವಷ್ಟರಲ್ಲಿ ಚೆಂಡು ಫುಲ್‌ಟಾಸ್ ಆಗಿ ಹೋಗಿರುತ್ತದೆ. ದೊಡ್ಡ ಮೈದಾನದಲ್ಲೂ ಕಥೆ ಇದೇ. 2025ರ ಐಪಿಎಲ್‌ನಲ್ಲಿ ರಾತ್ರಿ ಪಂದ್ಯದ ಎರಡನೇ ಇನಿಂಗ್ಸ್‌ನಲ್ಲಿ 10 ಓವರ್ ಆದ ಮೇಲೆ ಚೆಂಡು ಬದಲಿಸಲು ಅವಕಾಶ ಕೊಟ್ಟದ್ದೂ ಇದಕ್ಕೇ. ಬದಲಿ ಚೆಂಡು ಹೊಸದಲ್ಲ, ಹಾಗಾಗಿ ಸ್ಪಿನ್ನರ್‌ಗೆ ಸ್ವಲ್ಪ ಸಹಾಯ, ಪೂರ್ತಿ ಪರಿಹಾರ ಅಲ್ಲ.

ಈಗ ಲೆಕ್ಕ ಕೂಡಿಸೋಣ. ಎದುರಾಳಿಯ ಮೊದಲ ಐದರಲ್ಲಿ ಮೂವರು ಎಡಗೈಯವರು, ನಮ್ಮ ಸ್ಪಿನ್ನರ್‌ನ ತಂಡ ಎರಡನೆಯದಾಗಿ ಬೌಲಿಂಗ್ ಮಾಡುತ್ತಿದೆ, ಇಬ್ಬನಿ ಇದೆ, ತಂಡದಲ್ಲಿ ಆರು ಬೌಲರ್. ನನ್ನ ಅಂದಾಜು: 100ರಲ್ಲಿ 50 ಸಲ ನಾಲ್ಕು ಓವರ್, 30 ಸಲ ಮೂರು, 20 ಸಲ ಎರಡು. 39ರ ಅರ್ಧ 19.5, 26ಕ್ಕೆ 30ರ ಪಾಲು 7.8, 14ಕ್ಕೆ 20ರ ಪಾಲು 2.8. ಒಟ್ಟು 30. ರೇಟ್ ಕೇಳಿದ್ದು 36, ಆದ್ದರಿಂದ ಮೇಲಿನ ಬದಿ ಬೇಡ. ಕೆಳಗಿನ ಬದಿಗೆ ನಮ್ಮ ಲೆಕ್ಕ 70, ರೇಟ್ ಕೇಳುವುದು 69.4. ಇಷ್ಟು ಸಣ್ಣ ಅಂತರ ನಮ್ಮ ಅಂದಾಜಿನ ತಪ್ಪಿನಲ್ಲೇ ಮುಳುಗಿಹೋಗುತ್ತದೆ, ಆ ಬದಿಯೂ ಬೇಡ.

ಟಾಸ್ ತಿರುಗಿ ಈತನ ತಂಡ ಮೊದಲು ಬೌಲಿಂಗ್ ಮಾಡಿತು ಅನ್ನಿ. ಚೆಂಡು ಒಣಗಿದೆ, ಈಗ 75 ಸಲ ನಾಲ್ಕು ಓವರ್, 20 ಸಲ ಮೂರು, 5 ಸಲ ಎರಡು. ಒಟ್ಟು 35. ಬೌಲರ್ ಅದೇ, ಎದುರಾಳಿ ಅದೇ, ಬರೀ ಟಾಸ್‌ನಿಂದ 30 ಇದ್ದದ್ದು 35 ಆಯಿತು. ಟಾಸ್‌ಗೆ ಮೊದಲೇ ಲೈನ್ ಬಗ್ಗೆ ತೀರ್ಮಾನ ಬರೆಯಬಾರದು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಎಕಾನಮಿ ಲೈನ್, ಅಂದರೆ ಓವರ್‌ಗೆ ಸರಾಸರಿ ಎಷ್ಟು ರನ್ ಕೊಡುತ್ತಾನೆ ಅನ್ನುವುದು, ಬೇರೆ ಥರ. ಮೊದಲು ಭಾಗಾಕಾರ ಸರಿ ಮಾಡಿಕೊಳ್ಳಿ: 3.4 ಓವರ್ ಅಂದರೆ 22 ಚೆಂಡು. 31 ರನ್ ಕೊಟ್ಟಿದ್ದರೆ 31ನ್ನು 22ರಿಂದ ಭಾಗಿಸಿ ಆರರಿಂದ ಗುಣಿಸಿ, 8.45. ನೇರ 3.4ರಿಂದ ಭಾಗಿಸಿದರೆ 9.1 ಬಂದು ಇಡೀ ಲೆಕ್ಕ ಕೆಡುತ್ತದೆ. ವೈಡ್, ನೋಬಾಲ್ ಬೌಲರ್ ತಲೆಗೆ, ಬೈ ಮತ್ತು ಲೆಗ್‌ಬೈ ಅಲ್ಲ.

ಇಲ್ಲಿ ಓವರ್ ಯಾಕೆ ಕಡಿಮೆಯಾಯಿತು ಅನ್ನುವುದೇ ಮುಖ್ಯ. ಎಡಗೈಯವರು ಆಡುತ್ತಿದ್ದಾರೆ ಅಂತ ಎರಡೇ ಓವರ್ ಕೊಟ್ಟರೆ ಎಕಾನಮಿ ಚೆನ್ನಾಗಿಯೇ ಇರಬಹುದು, 2 ಓವರ್‌ಗೆ 13 ಅನ್ನುವ ಹಾಗೆ. ಆದರೆ ಎರಡು ಓವರ್‌ನಲ್ಲಿ 28 ಹೊಡೆಸಿಕೊಂಡು ಚೆಂಡು ಕಳೆದುಕೊಂಡರೆ ಎಕಾನಮಿ 14ಕ್ಕೇ ನಿಂತುಬಿಡುತ್ತದೆ, ಸುಧಾರಿಸಿಕೊಳ್ಳಲು ಮುಂದಿನ ಓವರ್ ಸಿಗುವುದಿಲ್ಲ. ಆರನೇ ಬೌಲರ್‌ಗೆ ಹೀಗೆ ಆಗುವುದು ಜಾಸ್ತಿ, ಯಾಕೆಂದರೆ ಅವನನ್ನು ತೆಗೆಯುವುದು ಸುಲಭ.

ವಿಕೆಟ್ ಜಾಸ್ತಿ ಬಿದ್ದರೆ ಎಕಾನಮಿ ಕಡಿಮೆ ಅಂತಲೂ ಅಂದುಕೊಳ್ಳಬೇಡಿ. 18 ಮತ್ತು 20ನೇ ಓವರ್ ಹಾಕುವ ವೇಗಿಗೆ ಎಲ್ಲರೂ ಬೀಸುತ್ತಾರೆ, ಕ್ಯಾಚ್ ಬರುತ್ತದೆ, ಸಿಕ್ಸರ್ ಕೂಡ ಬರುತ್ತದೆ. ಸ್ಪಿನ್ನರ್ ಸುನಿಲ್ ನರೈನ್ ಇದಕ್ಕೆ ಉಲ್ಟಾ. ಐಪಿಎಲ್‌ನಲ್ಲಿ ಅವರ ಎಕಾನಮಿ 7ಕ್ಕಿಂತ ಕಡಿಮೆ, ಎದುರಾಳಿಗಳು ಎಷ್ಟೋ ಸಲ ಅವರ ನಾಲ್ಕು ಓವರ್‌ಗಳನ್ನು ಸುಮ್ನೆ ಒಂದೊಂದು ರನ್ ತೆಗೆದು ದಾಟಿಸಿಬಿಡುತ್ತಾರೆ, ವಿಕೆಟ್ ಕಾಲಂನಲ್ಲಿ ಸೊನ್ನೆ ಉಳಿಯುತ್ತದೆ.

ನಮ್ಮ ನೋಟ್‌ಬುಕ್‌ನಲ್ಲಿ ಪ್ರತಿ ಬೌಲರ್ ಮುಂದೆ ಎರಡು ಕಾಲಂ ಇವೆ: ನಾವು ಬರೆದ ಓವರ್, ನಿಜಕ್ಕೂ ಹಾಕಿದ ಓವರ್. ವಿಕೆಟ್ ಅಂದಾಜು ತಪ್ಪಿದರೆ ನಾನು ಸುಮ್ಮನಿರುತ್ತೇನೆ, 18 ಚೆಂಡಿನಲ್ಲಿ ಏನು ಬೇಕಾದರೂ ಆಗಬಹುದು. ಓವರ್ ಅಂದಾಜು ತಪ್ಪಿದರೆ ಮಾತ್ರ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಕಾರಣ ಬರೆದಿಡುತ್ತೇನೆ: ಇಬ್ಬನಿ, ಎಡಗೈ ಜೋಡಿ, ಇಲ್ಲವೇ ಮಳೆ.