ಅಡಿಕೆ ತೋಟದ ಸೊಳ್ಳೆಗಳ ವಾಹಕ ಸಾಮರ್ಥ್ಯ: ನಾನು ಲೆಕ್ಕ ಹಾಕಿದ ಬಗೆ

ತೀರ್ಥಹಳ್ಳಿ ತಾಲ್ಲೂಕಿನ ಒಂದು ಅಡಿಕೆ ತೋಟದಲ್ಲಿ ಒಂದು ಮಳೆಗಾಲವಿಡೀ ಸೊಳ್ಳೆ ಹಿಡಿಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಉದುರಿದ ಅಡಿಕೆ ಹಾಳೆಗಳು ದೋಣಿಯಂತೆ ಅಂಗಾತ ಬಿದ್ದು, ಅವುಗಳಲ್ಲಿ ನಿಂತ ನೀರಿನಲ್ಲಿ ಡೆಂಗಿ ಹರಡುವ ಏಡಿಸ್ ಆಲ್ಬೊಪಿಕ್ಟಸ್ ಸೊಳ್ಳೆಯ ಮರಿಗಳು ಹೇರಳವಾಗಿ ಬೆಳೆಯುತ್ತವೆ ಎಂಬುದು ಮಲೆನಾಡಿನಲ್ಲಿ ಕೆಲಸ ಮಾಡುವ ಎಲ್ಲರಿಗೂ ತಿಳಿದದ್ದೇ. ಆದರೆ ಮರಿಗಳಿರುವ ಹಾಳೆಗಳನ್ನು ಎಣಿಸಿದರೆ ಡೆಂಗಿ ಎಷ್ಟು ಹರಡಬಲ್ಲದು ಎಂಬುದು ಗೊತ್ತಾಗುವುದಿಲ್ಲ. ಒಬ್ಬ ರೋಗಿಯನ್ನು ಒಂದು ದಿನ ಕಡಿದ ಸೊಳ್ಳೆಗಳು, ಅವುಗಳ ಉಳಿದ ಆಯುಷ್ಯದಲ್ಲಿ, ವೈರಸ್ ಹೊತ್ತು ಮನುಷ್ಯರಿಗೆ ಕೊಡುವ ಒಟ್ಟು ಕಡಿತಗಳೆಷ್ಟು ಎಂಬುದು ನಮಗೆ ಬೇಕಾದ ಸಂಖ್ಯೆ. ಅದನ್ನೇ ವಾಹಕ ಸಾಮರ್ಥ್ಯ ಎನ್ನುತ್ತಾರೆ. ಗ್ಯಾರೆಟ್-ಜೋನ್ಸ್ 1964ರಲ್ಲಿ ಮಲೇರಿಯಾಕ್ಕಾಗಿ ಕೊಟ್ಟ ಸೂತ್ರವನ್ನೇ ಡೆಂಗಿಗೂ ಬಳಸುತ್ತೇವೆ.

```
C = m · a² · pⁿ / (−ln p)
```

ಇಲ್ಲಿ m ಎಂದರೆ ಒಬ್ಬ ಮನುಷ್ಯನಿಗೆ ಇರುವ ಹೆಣ್ಣು ಸೊಳ್ಳೆಗಳ ಸಂಖ್ಯೆ, a ಎಂದರೆ ಒಂದು ಸೊಳ್ಳೆ ಒಂದು ದಿನದಲ್ಲಿ ಮನುಷ್ಯನನ್ನು ಕಡಿಯುವ ಸರಾಸರಿ ಸಲ, p ಎಂದರೆ ಸೊಳ್ಳೆ ಒಂದು ದಿನ ಕಳೆದು ಬದುಕಿರುವ ಸಂಭವನೀಯತೆ. n ಎಂದರೆ ಸೊಳ್ಳೆ ಕುಡಿದ ವೈರಸ್ ಅದರ ಜೊಲ್ಲುಗ್ರಂಥಿಯನ್ನು ತಲುಪಿ, ಮುಂದಿನವರಿಗೆ ದಾಟಲು ಸಿದ್ಧವಾಗುವವರೆಗಿನ ದಿನಗಳು, ಅಂದರೆ ಎಕ್ಸ್‌ಟ್ರಿನ್ಸಿಕ್ ಇನ್‌ಕ್ಯುಬೇಷನ್ ಅವಧಿ.

ಮೊದಲು ಕಡಿತದ ಲೆಕ್ಕ. ಡೆಂಗಿಗೆ ಮುಂಜಾಗ್ರತೆಯಾಗಿ ನುಂಗುವ ಮಾತ್ರೆ ಇಲ್ಲದಿರುವುದರಿಂದ ಬರಿಗಾಲಿನ ಮೇಲೆ ಸೊಳ್ಳೆ ಕೂರಿಸಿ ಹಿಡಿಯುವ ಹಳೆಯ ಪದ್ಧತಿಯನ್ನು ನಾವು ಬಿಟ್ಟೆವು. ಒಳಗಿನ ಪರದೆಯಲ್ಲಿ ಒಬ್ಬರು ಕುಳಿತು, ಅದಕ್ಕೂ ಹೊರಗಿನ ಪರದೆಗೂ ನಡುವೆ ಸಿಕ್ಕಿದ ಸೊಳ್ಳೆಗಳನ್ನು ಗಂಟೆಗೊಮ್ಮೆ ಹೀರುನಳಿಕೆಯಿಂದ ಎಳೆದುಕೊಂಡೆವು. ಬೆಳಗಿನ 6ರಿಂದ ಸಂಜೆ 6ರವರೆಗೆ ಹೀಗೆ ಕುಳಿತಾಗ, ಆಗಸ್ಟ್ ತಿಂಗಳಲ್ಲಿ ಒಬ್ಬರಿಗೆ ದಿನಕ್ಕೆ ಸರಾಸರಿ 12 ಸೊಳ್ಳೆಗಳು ಬಂದವು. ಎರಡನೇ ಸಲದ ಕೊಳೆರೋಗದ ಔಷಧಿ ಹೊಡೆಯುವ ಕೆಲಸ ತೋಟದಲ್ಲಿ ನಡೆಯುತ್ತಿದ್ದ ದಿನಗಳು ಅವು. ಮರ ಹತ್ತುವ ಕೊನೆಗಾರರು ನಮ್ಮ ಪರದೆಯೊಳಗಿನ ಮನುಷ್ಯನನ್ನು ನೋಡಿ ನಗುತ್ತಿದ್ದರು.

ಇಲ್ಲಿ ನಾನು ಒಂದು ಪೆದ್ದುತಪ್ಪು ಮಾಡಿದೆ. ಆ 12ನ್ನು m ಎಂದು ಭಾವಿಸಿ, a ಅನ್ನು ಎರಡು ಸಲ ಗುಣಿಸಿಬಿಟ್ಟೆ. ನನ್ನ ಹಿರಿಯ ಸಹೋದ್ಯೋಗಿ ಕಾಗದವನ್ನು ತಿರುಗಿಸಿ, "ಇವು ನಿಮ್ಮ ಹತ್ತಿರ ಕಡಿಯಲು ಬಂದವು ತಾನೇ? ಹಾಗಿದ್ದರೆ ಒಂದು a ಇದರಲ್ಲೇ ಸೇರಿಹೋಗಿದೆಯಲ್ಲ" ಎಂದರು. ಬಂದ 12 ಎಂಬುದು m ಮತ್ತು a ಎರಡರ ಗುಣಲಬ್ಧ. ಉಳಿದಿರುವುದು ಇನ್ನೊಂದೇ a.

ಆ a ಕಂಡುಹಿಡಿಯಲು ಎರಡು ಅಳತೆಗಳು ಬೇಕಾದವು. ತೋಟದ ಪೊದೆಗಳಲ್ಲಿ ರಕ್ತ ಕುಡಿದು ಕುಳಿತಿದ್ದ 50 ಸೊಳ್ಳೆಗಳನ್ನು ಹಿಡಿದು ಅವುಗಳ ಹೊಟ್ಟೆಯ ರಕ್ತವನ್ನು ಪರೀಕ್ಷಿಸಿದಾಗ 30ರಲ್ಲಿ ಮನುಷ್ಯನ ರಕ್ತವಿತ್ತು. ಉಳಿದವು ಹೆಚ್ಚಾಗಿ ಪಕ್ಕದ ಕೊಟ್ಟಿಗೆಯ ದನಗಳದ್ದು. ಅನುಪಾತ 0.6. ಈ 50 ಸೊಳ್ಳೆ ಹುಡುಕಲು ನಮಗೆ ಮೂರು ವಾರ ಬೇಕಾಯಿತು, ಏಕೆಂದರೆ ಈ ಜಾತಿ ಮನೆಯ ಗೋಡೆಯ ಮೇಲೆ ಕೂರುವುದು ಅಪರೂಪ. ಇನ್ನು ಕೆಲವು ಹೊಟ್ಟೆ ತುಂಬಿದ ಸೊಳ್ಳೆಗಳನ್ನು ತೋಟದ ಉಷ್ಣತೆಯಲ್ಲೇ ಪಂಜರದಲ್ಲಿಟ್ಟು ನೋಡಿದಾಗ, ರಕ್ತ ಕುಡಿದುದರಿಂದ ಮೊಟ್ಟೆಯಿಡುವವರೆಗೆ ಸುಮಾರು 4 ದಿನ ಹಿಡಿಯಿತು. ಈ ನಾಲ್ಕು ದಿನದ ಸುತ್ತಿಗೆ ಒಮ್ಮೆ ಕಡಿಯುತ್ತದೆ ಎಂದು ಹಿಡಿದರೆ a = 0.6 ÷ 4 = 0.15.

ನಿಜವಾಗಿ ಲೆಕ್ಕವನ್ನು ಆಳುವುದು p. ಹೆಣ್ಣು ಸೊಳ್ಳೆಯನ್ನು ಸೀಳಿ, ಅಂಡಾಶಯವನ್ನು ಸ್ಲೈಡಿನ ಮೇಲೆ ನೀರಿನಲ್ಲಿ ಬಿಡಿಸಿ ಒಣಗಿಸಿದರೆ, ಅದರ ಮೇಲಿನ ಸೂಕ್ಷ್ಮ ಶ್ವಾಸನಾಳಗಳು ಕಾಣುತ್ತವೆ. ಒಮ್ಮೆಯೂ ಮೊಟ್ಟೆಯಿಡದ ಸೊಳ್ಳೆಯಲ್ಲಿ ಅವುಗಳ ತುದಿಗಳು ಬಿಗಿಯಾಗಿ ಸುರುಳಿ ಸುತ್ತಿಕೊಂಡಿರುತ್ತವೆ. ಇಟ್ಟ ಸೊಳ್ಳೆಯಲ್ಲಿ ಬಿಚ್ಚಿಕೊಂಡಿರುತ್ತವೆ. ಮೊಟ್ಟೆ ತುಂಬಿದ ಅಂಡಾಶಯದಲ್ಲಿ ಈ ಗುರುತು ಸಿಗುವುದಿಲ್ಲ, ಹಾಗಾಗಿ ಅಂಥವನ್ನು ಬದಿಗಿಡಬೇಕು. ಆಗಸ್ಟ್‌ನಲ್ಲಿ ನೋಡಿದ 120ರಲ್ಲಿ 72 ಮೊಟ್ಟೆಯಿಟ್ಟಿದ್ದವು, ಅಂದರೆ 0.6. ಮೊಟ್ಟೆಯಿಟ್ಟದ್ದು ಎಂದರೆ ಕನಿಷ್ಠ ಒಂದು ಸುತ್ತು, ಅಂದರೆ 4 ದಿನ, ಬದುಕಿದೆ ಎಂದರ್ಥ. ಆದ್ದರಿಂದ ದಿನದ p ಸಿಗಲು ನಾಲ್ಕನೇ ಮೂಲ ತೆಗೆಯಬೇಕು. 0.6ರ ನಾಲ್ಕನೇ ಮೂಲ 0.88. ಸಹಜ ಲಾಗರಿದಮ್ ತೆಗೆದು ಚಿಹ್ನೆ ಬದಲಿಸಿದರೆ 0.1277 ಬರುತ್ತದೆ, ಅದರ ವಿಲೋಮವಾದ 7.83 ದಿನವೇ ಸರಾಸರಿ ಉಳಿದ ಆಯುಷ್ಯ.

n ವಿಷಯದಲ್ಲಿ ಕೈಪಿಡಿಯ "8ರಿಂದ 12 ದಿನ" ಎಂಬುದನ್ನು ನೆಚ್ಚಲಿಲ್ಲ. ಪ್ರಯೋಗಗಳನ್ನು ಒಟ್ಟುಗೂಡಿಸಿ ಮಾಡಿದ ಅಂದಾಜಿನಲ್ಲಿ ಡೆಂಗಿ ವೈರಸ್‌ಗೆ 30 ಡಿಗ್ರಿಯಲ್ಲಿ ಸರಾಸರಿ 6.5 ದಿನ ಸಾಕು, 25 ಡಿಗ್ರಿಯಲ್ಲಿ ಸುಮಾರು 15 ದಿನ ಬೇಕು. ಮಳೆಗಾಲದ ತೋಟದ ನೆರಳಲ್ಲಿ ನಮ್ಮ ಉಷ್ಣಮಾಪಕದ ಸರಾಸರಿ 25ರ ಆಸುಪಾಸಿನಲ್ಲಿತ್ತು, ಆದ್ದರಿಂದ 15 ಇಟ್ಟುಕೊಂಡೆ. 0.88 ಎಂದು ಬರೆದದ್ದನ್ನು ಹೆಚ್ಚಿನ ದಶಾಂಶಗಳೊಂದಿಗೆ 15ನೇ ಘಾತಕ್ಕೆ ಏರಿಸಿದರೆ 0.1473.

ಸೂತ್ರವನ್ನು ಕಥೆಯಂತೆ ಓದಿದರೆ ತಪ್ಪುವುದಿಲ್ಲ. ಇಂದು ರೋಗಿಯನ್ನು 12 ಸೊಳ್ಳೆಗಳು ಕಡಿಯುತ್ತವೆ. 15 ದಿನದ ನಂತರ ಅವುಗಳಲ್ಲಿ ಬದುಕಿರುವುದು 12 × 0.1473, ಅಂದರೆ 1.77. ಹಾಗೆ ಉಳಿದದ್ದು ಮುಂದೆ ಸರಾಸರಿ 7.83 ದಿನ ಬದುಕಿ, ದಿನಕ್ಕೆ 0.15ರಂತೆ 1.17 ಸಲ ಮನುಷ್ಯರನ್ನು ಕಡಿಯುತ್ತದೆ. ಎರಡನ್ನೂ ಗುಣಿಸಿದರೆ C = 2.07. ನನ್ನ ಮೊದಲಿನ ತಪ್ಪು ಲೆಕ್ಕದಲ್ಲಿ ಇದು 0.31 ಆಗಿತ್ತು. n ಅನ್ನು 10 ಎಂದು ಹಿಡಿದಿದ್ದರೆ 3.9 ಆಗುತ್ತಿತ್ತು.

ಜೂನ್ ಮೊದಲ ವಾರದ ಲೆಕ್ಕ ಮಾತ್ರ ನನ್ನನ್ನು ಬಹಳ ದಿನ ಕಾಡಿತು. ಆಗ ಒಬ್ಬರಿಗೆ ದಿನಕ್ಕೆ 20 ಸೊಳ್ಳೆ ಬರುತ್ತಿದ್ದವು, ಆದರೆ ಸೀಳಿದ 100ರಲ್ಲಿ ಮೊಟ್ಟೆಯಿಟ್ಟದ್ದು 36 ಮಾತ್ರ. p 0.775ಕ್ಕೆ ಇಳಿದು, ಉಳಿದದ್ದನ್ನೆಲ್ಲ ಹಾಗೇ ಇಟ್ಟರೆ C ಬರೀ 0.25. ಸೊಳ್ಳೆ ಹೆಚ್ಚು, ಅಪಾಯ ಎಂಟನೇ ಒಂದು ಭಾಗ! ಮೊದಲ ಮಳೆಗೆ ಹಾಳೆಗಳೆಲ್ಲ ಒಟ್ಟಿಗೆ ತುಂಬಿ, ಒಂದೇ ವಾರದಲ್ಲಿ ಹೊಸ ಸೊಳ್ಳೆಗಳು ಹೊರಬಂದಿದ್ದವು. ಆ ಎಳೆಯ ಸೊಳ್ಳೆಗಳು ಅನುಪಾತವನ್ನು ಕೆಳಗೆಳೆದಿದ್ದವೇ ಹೊರತು ಸೊಳ್ಳೆಗಳು ಬೇಗ ಸಾಯುತ್ತಿರಲಿಲ್ಲ. ನಾಲ್ಕನೇ ಮೂಲದ ಲೆಕ್ಕ ಸಂತತಿ ಸ್ಥಿರವಾಗಿದೆ ಎಂದು ಭಾವಿಸುತ್ತದೆ. ವಾರದಿಂದ ವಾರಕ್ಕೆ ಹಿಡಿದ ಸಂಖ್ಯೆ ಏರುತ್ತಿದ್ದು, ಮುಂದಿನ ವಾರಗಳಲ್ಲಿ ಮೊಟ್ಟೆಯಿಟ್ಟವುಗಳ ಪಾಲೂ ಏರಿದರೆ, ಮೊದಲ ವಾರದ p ನಂಬಬಾರದು. ಆಗಸ್ಟ್‌ನಲ್ಲಿ ಮೂರು ವಾರ ಸಂಖ್ಯೆ ಹೆಚ್ಚುಕಡಿಮೆ ಒಂದೇ ಇತ್ತು, ಹಾಗಾಗಿ ಆ ಲೆಕ್ಕವನ್ನಷ್ಟೇ ವರದಿಯಲ್ಲಿ ಬರೆದೆ.

ಆಗಸ್ಟ್ ಸಂಖ್ಯೆಯೊಂದಿಗೆ ಒಂದು ಪರೀಕ್ಷೆಯನ್ನೂ ಮಾಡಿದೆ. ಹಾಳೆ ಆಯ್ದು ಸೊಳ್ಳೆಗಳನ್ನು ಅರ್ಧಕ್ಕಿಳಿಸಿದರೆ C ಕೂಡ ಅರ್ಧವಾಗಿ 1.04 ಆಗುತ್ತದೆ. ಸೊಳ್ಳೆಗಳ ಸಂಖ್ಯೆ ಹಾಗೆಯೇ ಇದ್ದು p 0.88ರಿಂದ 0.80ಕ್ಕೆ ಇಳಿದರೆ C 0.28, ಅಂದರೆ ಏಳನೇ ಒಂದು ಭಾಗ. p ಇಳಿದಾಗ m ಕೂಡ ಇಳಿಯುವುದರಿಂದ ನಿಜದ ಇಳಿಕೆ ಇನ್ನೂ ಹೆಚ್ಚು. ಆದರೂ ತೋಟದ ಪೊದೆಯಲ್ಲಿ ಕೂರುವ ಸೊಳ್ಳೆಯ ಆಯುಷ್ಯ ಕತ್ತರಿಸುವ ಸುಲಭ ದಾರಿ ನಮಗಿಲ್ಲ, ಹೀಗಾಗಿ ಹಾಳೆ ಆಯುವುದನ್ನೇ ತೋಟದ ಮಾಲೀಕರಿಗೆ ಹೇಳಿದೆವು.

ಈ 2.07ನ್ನು ಯಾರಾದರೂ ಎರಡು ಹೊಸ ರೋಗಿಗಳು ಎಂದು ಓದಿದರೆ ನಾನು ತಡೆಯುತ್ತೇನೆ. ರೋಗಿಯನ್ನು ಕಡಿದ ಪ್ರತಿಯೊಂದು ಸೊಳ್ಳೆಗೂ ಸೋಂಕು ತಗುಲುತ್ತದೆ ಎಂದು ಸೂತ್ರ ಭಾವಿಸುತ್ತದೆ, ಅದು ಹಾಗಾಗುವುದಿಲ್ಲ. ಇನ್ನೊಂದೆಡೆ, ರೋಗಿ ಒಂದೇ ದಿನವಲ್ಲ, ಹಲವು ದಿನ ಸೊಳ್ಳೆಗೆ ಸೋಂಕು ಕೊಡಬಲ್ಲನು. ಇದರ ಜೊತೆಗೆ ಏಡಿಸ್ ಒಂದೇ ಸುತ್ತಿನಲ್ಲಿ ಎರಡು ಮೂರು ಮಂದಿಯಿಂದ ರಕ್ತ ಕುಡಿಯುವುದುಂಟು, ಹಾಗಿದ್ದರೆ ನಮ್ಮ 0.15 ನಿಜಕ್ಕಿಂತ ಕಡಿಮೆ. ಅದನ್ನು ಅಳೆಯಲು ಮುಂದಿನ ಮಳೆಗಾಲದಲ್ಲಿ ಇನ್ನೂ ಹೆಚ್ಚಿನ ರಕ್ತ ಕುಡಿದ ಸೊಳ್ಳೆಗಳನ್ನು ಪೊದೆಗಳಲ್ಲಿ ಹುಡುಕಬೇಕಿದೆ.