ಅಪ್ಪನ ಆಪರೇಷನ್, ನನ್ನ ಸೈನು, ಪಿರೋನ ದಾರಿ: ತೀರ್ಪು ತಡೆಹಿಡಿದ ಅನುಭವ

ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರ್ಕೊಂಡಾಗ ಅವರಿಗೆ 81 ವರ್ಷ, ಹಾರ್ಟ್ ಮೊದ್ಲೇ ವೀಕ್ ಇತ್ತು. ಆಪರೇಷನ್ ಫಾರಂಗೆ ಸೈನ್ ಹಾಕಿದ್ದು ನಾನು. ಅಣ್ಣ ಬೇಡ ಅಂದಿದ್ದ, "ಈ ವಯಸ್ಸಲ್ಲಿ ಕೊಯ್ಸೋದು ಬೇಡ ಕಣೋ, ಮನೆಗೆ ಕರ್ಕೊಂಡು ಹೋಗಿ ನೋಡ್ಕೊಳ್ಳೋಣ" ಅಂತ. ಆಪರೇಷನ್ ಆಯ್ತು, ಒಂಬತ್ತನೇ ದಿನ ಅಪ್ಪ ಹೋದ್ರು. ಆಮೇಲೆ ಸುಮಾರು ಎಂಟು ತಿಂಗಳು ರಾತ್ರಿ ಮೂರು ಗಂಟೆಗೆ ಎಚ್ಚರ ಆಗೋದು, ಕಣ್ಣು ಬಿಟ್ಟ ತಕ್ಷಣ ಒಂದೇ ಮಾತು, ನಾನು ಮಾಡಿದ್ದು ತಪ್ಪು, ನಾನು ಮಾಡಿದ್ದು ತಪ್ಪು.

ನಾನು ಎಂಎ ಫಿಲಾಸಫಿ ಓದಿದವನು, ಹಾಗಾಗಿ ಸಂಶಯವಾದ ನನಗೆ ಹೊಸದಲ್ಲ. ಆದ್ರೆ ಓದಿದ್ದು ಫ್ರೆಂಚ್ ತತ್ವಜ್ಞಾನಿ ಡೇಕಾರ್ಟ್ ದಾರೀದು. 1641ರ ಅವನ ಪುಸ್ತಕ ಮೆಡಿಟೇಷನ್ಸ್‌ನಲ್ಲಿ ಬರೋ ಆ ವಾದ ಗೊತ್ತಿರಬೇಕು, ಈಗ ನೋಡ್ತಿರೋದೆಲ್ಲ ಕನಸಾಗಿರಬಹುದು, ಯಾವುದೋ ಮೋಸಗಾರ ಭೂತ ನನಗೆ ಆಕಾಶ ಭೂಮಿ ಕೈಕಾಲು ಎಲ್ಲ ಇದೆ ಅಂತ ತೋರಿಸ್ತಾ ಇರಬಹುದು ಅಂತ. ಈಗಿನವರು ಅದೇ ಭೂತದ ಜಾಗಕ್ಕೆ ತೊಟ್ಟಿಯೊಳಗೆ ತೇಲ್ತಿರೋ ಮೆದುಳನ್ನ ತಂದ್ರು. ನೀನು ತೊಟ್ಟೀಲಿರೋ ಮೆದುಳಲ್ಲ ಅಂತ ನಿನಗೆ ಗೊತ್ತಿಲ್ಲ, ಅದು ಗೊತ್ತಿಲ್ಲ ಅಂದ್ಮೇಲೆ ನಿನಗೆ ಕೈಗಳಿವೆ ಅನ್ನೋದೂ ಗೊತ್ತಿಲ್ಲ, ಇಷ್ಟೇ ವಾದ, ಮುರಿಯೋದು ಮಾತ್ರ ತುಂಬಾ ಕಷ್ಟ.

ಆ ಮೂರು ಗಂಟೆ ರಾತ್ರೀಲಿ ಇದನ್ನ ನಿಜವಾಗ್ಲೂ ಪ್ರಯತ್ನ ಮಾಡ್ದೆ. ಏನೂ ಗೊತ್ತಿಲ್ಲ ಅಂದ್ಮೇಲೆ ನಾನು ತಪ್ಪು ಮಾಡ್ದೆ ಅಂತ್ಲೂ ಗೊತ್ತಿಲ್ಲ ಅಲ್ವಾ ಅಂತ. ಒಂದು ನಿಮಿಷಾನೂ ನಿಲ್ಲಲಿಲ್ಲ ಅದು. ಮಂಚ ನಿಜಾನಾ ಅನ್ನೋ ಸಂದೇಹ ಒಂದು ಕಡೆ, ಅಪ್ಪನ ಮುಖ ಇನ್ನೊಂದು ಕಡೆ, ಎರಡಕ್ಕೂ ಸಂಬಂಧಾನೇ ಇಲ್ಲ. ಬದಲಿಗೆ ಹೊಸ ಸಂಕಟ ಸೇರ್ಕೊಳ್ತು, ನನಗೆ ಎಂದಿಗೂ ಗೊತ್ತಾಗಲ್ಲ, ಸಾಯೋವರೆಗೂ ಗೊತ್ತಾಗಲ್ಲ ಅನ್ನೋದು.

ಆಮೇಲೆ ಸೆಕ್ಸ್ಟಸ್ ಎಂಪಿರಿಕಸ್‌ನ ಪಿರೋವಾದದ ರೂಪುರೇಷೆ ಅನ್ನೋ ಹಳೇ ಗ್ರೀಕ್ ಪುಸ್ತಕ ತೆಗೆದು ಓದೋಕೆ ಕೂತೆ. ಪಿರೋ ಅನ್ನೋನು ಗ್ರೀಸಿನ ಎಲಿಸ್ ಊರಿನವನು, ಅಲೆಕ್ಸಾಂಡರ್ ದಂಡಿನ ಜೊತೆ ಇಂಡಿಯಾವರೆಗೂ ಬಂದು ಇಲ್ಲಿನ ಬೆತ್ತಲೆ ಸನ್ಯಾಸಿಗಳನ್ನ ಕಂಡಿದ್ದ ಅಂತ ಅವನ ಜೀವನ ಬರೆದ ಡಿಯೋಜೆನಿಸ್ ಲಾಯೆರ್ಷಿಯಸ್ ಹೇಳ್ತಾನೆ. ಪಿರೋ ತಾನೇ ಏನೂ ಬರೆದಿಟ್ಟಿಲ್ಲ. ನಮಗೆ ಪೂರ್ತಿ ವಿಧಾನ ಸಿಗೋದು ಸುಮಾರು ನಾಲ್ಕೈದು ಶತಮಾನ ಆದ್ಮೇಲೆ ಬಂದ ಸೆಕ್ಸ್ಟಸ್‌ನಿಂದ, ಅವನು ವೈದ್ಯ, ಅದು ಅವನ ಬರವಣಿಗೇಲೂ ಕಾಣುತ್ತೆ, ವಾದಗಳನ್ನ ಡೋಸ್ ಲೆಕ್ಕದಲ್ಲಿ ಕೊಡಬೇಕು ಅಂತಾನೆ, ಕಾಯಿಲೆ ಜೋರಿದ್ರೆ ಜೋರು ವಾದ, ಸಣ್ಣದಿದ್ರೆ ಮೆತ್ತಗಿನ ವಾದ.

ಅವನ ವಿಧಾನ ಹೀಗೆ. ಒಂದು ನಂಬಿಕೆ ಕಾಡ್ತಿದ್ರೆ ಅದಕ್ಕೆ ಎದುರಾದ ಮಾತನ್ನ ಅಷ್ಟೇ ತೂಕದಲ್ಲಿ ತಂದು ನಿಲ್ಲಿಸ್ಬೇಕು. ಎರಡೂ ಸಮ ತೂಗೋ ಆ ಸ್ಥಿತಿಗೆ ಐಸೊಸ್ಥೆನಿಯಾ ಅಂತ ಹೆಸರು. ಸಮ ಆದಾಗ ಮನಸ್ಸು ಯಾವ ಕಡೆಗೂ ವಾಲಕ್ಕಾಗದೆ ನಿಲ್ಲುತ್ತೆ, ಅದು ಎಪೊಖೆ, ತೀರ್ಪು ತಡೆಯೋದು. ಅದರ ಹಿಂದೇನೇ ಮೈಗೆ ನೆರಳು ಬಂದ ಹಾಗೆ ಅಟರಾಕ್ಸಿಯಾ, ಅಂದ್ರೆ ಕದಡದ ಮನಸ್ಸು ಬರುತ್ತೆ. ಎಪೊಖೆ ನಾವು ಹಠ ಮಾಡಿ ತಂದ್ಕೊಳ್ಳೋದಲ್ಲ ಅನ್ನೋದು ನನಗೆ ಮೊದಲನೇ ಸಲ ಓದಿದಾಗ ಅರ್ಥ ಆಗಿರ್ಲಿಲ್ಲ. ತಕ್ಕಡಿ ಸಮ ಆದ್ರೆ ಮುಳ್ಳು ತಾನಾಗೇ ನಿಲ್ಲುತ್ತೆ, ಮುಳ್ಳನ್ನ ಕೈಯಲ್ಲಿ ಹಿಡಿದು ನಿಲ್ಲಿಸಿದ್ರೆ ಅದು ಎಪೊಖೆ ಅಲ್ಲ.

ಒಂದು ನೋಟ್‌ಬುಕ್ ತಗೊಂಡು ಎಡಗಡೆ "ಸೈನ್ ಹಾಕಿದ್ದು ತಪ್ಪು", ಬಲಗಡೆ "ತಪ್ಪಲ್ಲ" ಅಂತ ಬರೆದೆ. ಎಡಗಡೆ ಎಂಟು ತಿಂಗಳಿಂದ ತುಂಬಿತ್ತು, ಹಾರ್ಟ್ ವೀಕ್ ಅಂತ ಗೊತ್ತಿತ್ತು, ಅಣ್ಣ ಹೇಳಿದ್ದ, ಅಪ್ಪಂಗೆ ಆಸ್ಪತ್ರೆ ಅಂದ್ರೆ ಆಗ್ತಿರ್ಲಿಲ್ಲ, ಮನೇಲೇ ಕಣ್ಮುಚ್ಚಬಹುದಿತ್ತು. ಬಲಗಡೆ ಬರೆಯೋಕೆ ಮಾತ್ರ ಕೈ ಬರ್ತಿರ್ಲಿಲ್ಲ. ಇಲ್ಲಿ ಒಂದು ನಿಯಮ ಇಟ್ಕೊಂಡೆ, ಸಮಾಧಾನಕ್ಕೆ ಬರೆಯೋ ಹಾಗಿಲ್ಲ, ಅಣ್ಣನ ಎದುರು ಕೂತು ಗಟ್ಟಿಯಾಗಿ ಹೇಳೋಕೆ ಆಗೋ ಮಾತು ಮಾತ್ರ ಬರೀಬೇಕು. ಸೊಂಟ ಮುರಿದ ವಯಸ್ಸಾದವ್ರನ್ನ ಹಾಗೇ ಮಲಗಿಸಿದ್ರೆ ಏನಾಗುತ್ತೆ ಅನ್ನೋದು ಒಂದೊಂದಾಗಿ ಬರೆದೆ. ಮಗ್ಗುಲು ಬದಲಿಸೋಕೂ ಆಗದಷ್ಟು ನೋವು, ಬೆನ್ನಲ್ಲಿ ಹುಣ್ಣು, ಎದೇಲಿ ಕಫ ಕಟ್ಟಿ ನ್ಯುಮೋನಿಯಾ, ಕಾಲಲ್ಲಿ ರಕ್ತ ಹೆಪ್ಪುಗಟ್ಟೋದು. ಡಾಕ್ಟರ್ ಕೂಡ ಎರಡೂ ಕಡೆ ರಿಸ್ಕ್ ಇದೆ ಅಂತ್ಲೇ ಹೇಳಿದ್ರು. ಸೈನ್ ಹಾಕೋ ಹೊತ್ತಲ್ಲಿ ಅಪ್ಪ ನೋವಿಗೆ ನರಳ್ತಿದ್ದಿದ್ದೂ ನಿಜ.

ಮೊದಲನೇ ವಾರದಲ್ಲೇ ತಪ್ಪು ದಾರಿ ಹಿಡಿದಿದ್ದೆ, ಇದನ್ನ ಬಿಡಿಸಿ ಹೇಳ್ಬೇಕು ಯಾಕಂದ್ರೆ ಬಹಳ ಜನ ಇಲ್ಲೇ ನಿಲ್ತಾರೆ. ಬಲಗಡೆ ತುಂಬ್ತಾ ಹೋದ ಹಾಗೆ ನನಗೆ ಅದೇ ನಿಜ ಅನ್ಸೋಕೆ ಶುರುವಾಯ್ತು, ನಾನು ಮಾಡಿದ್ದೇ ಸರಿ, ಅಣ್ಣಂಗೆ ಏನೂ ತಿಳಿಯಲ್ಲ ಅಂತ. ನಿದ್ದೆ ಬಂತು, ಎರಡು ರಾತ್ರಿ ಚೆನ್ನಾಗಿ ಮಲಗ್ದೆ. ಮೂರನೇ ದಿನ ಅಣ್ಣ ಫೋನಲ್ಲಿ ಏನೋ ಮಾತಿಗೆ "ಅವತ್ತು ನೀನು ಅವಸರ ಮಾಡ್ದೆ" ಅಂದ, ಮೈಯೆಲ್ಲ ಉರಿದುಹೋಯ್ತು, ಫೋನ್ ಇಟ್ಟುಬಿಟ್ಟೆ. ಆಗ ಗೊತ್ತಾಯ್ತು, ಇದು ತೀರ್ಪು ತಡೆದಿದ್ದಲ್ಲ, ತೀರ್ಪು ಉಲ್ಟಾ ಮಾಡ್ಕೊಂಡಿದ್ದು. ಯಾರಾದ್ರೂ ಎದುರು ಮಾತಾಡಿದ್ರೆ ಸಿಟ್ಟು ಬರುತ್ತೆ ಅಂದ್ರೆ ತಕ್ಕಡಿ ಇನ್ನೂ ಒಂದು ಕಡೆ ವಾಲಿದೆ ಅಂತ್ಲೇ ಲೆಕ್ಕ, ಇದಕ್ಕಿಂತ ಒಳ್ಳೆ ಪರೀಕ್ಷೆ ನನಗೆ ಇವತ್ತಿಗೂ ಸಿಕ್ಕಿಲ್ಲ. ಮತ್ತೆ ಎಡಗಡೆಗೆ ಹೋಗಿ ಅಣ್ಣನ ಮಾತನ್ನ ಅಣ್ಣನಿಗಿಂತ ಚೆನ್ನಾಗಿ ಬರೆದೆ.

ಎರಡನೇ ತೊಡಕು, ಶಾಂತಿ ಬಂತಾ ಬಂತಾ ಅಂತ ದಿನಾ ನೋಡ್ಕೊಳ್ತಿದ್ದಿದ್ದು. ಸೆಕ್ಸ್ಟಸ್ ಇದಕ್ಕೇ ಅಪೆಲೀಸ್ ಅನ್ನೋ ಚಿತ್ರಗಾರನ ಕತೆ ಹೇಳ್ತಾನೆ. ಕುದುರೆ ಬಾಯಿನ ನೊರೆ ಬಿಡಿಸೋಕೆ ಎಷ್ಟು ಸಲ ನೋಡಿದ್ರೂ ಆಗ್ದೆ, ಸೋತು ಬ್ರಷ್ ಒರೆಸ್ತಿದ್ದ ಸ್ಪಂಜನ್ನ ಚಿತ್ರದ ಮೇಲೆ ಎಸೆದ್ರೆ ಅದು ಬಿದ್ದ ಗುರುತೇ ನೊರೆ ಥರ ಕಾಣಿಸ್ತಂತೆ. ಸಂಶಯವಾದಿಗಳೂ ಮೊದಲು ಯಾವುದು ನಿಜ ಅಂತ ತೀರ್ಮಾನ ಮಾಡಿ ನೆಮ್ಮದಿ ಪಡೀಬೇಕು ಅಂತ್ಲೇ ಹೊರಟವರು, ತೀರ್ಮಾನ ಆಗದೆ ನಿಂತಾಗ ನೆಮ್ಮದಿ ಅಚಾನಕ್ಕಾಗಿ ಸಿಕ್ತು ಅಂತಾನೆ. ನಾನೂ ನೋಡ್ಕೊಳ್ಳೋದು ಬಿಟ್ಟು ಬರೀ ಬರೀತಾ ಹೋದೆ. ಮೂರನೇ ವಾರದ ಹೊತ್ತಿಗೆ ಒಂದು ದಿನ ಸಂಜೆ ಎರಡೂ ಪುಟ ಓದಿದಾಗ ಯಾವ ಕಡೆಗೂ ಹೌದು ಅನ್ನೋಕೆ ಬಾಯಿ ಬರ್ಲಿಲ್ಲ. ಪಿರೋ ದಾರಿಯವರಲ್ಲಿ ಇದಕ್ಕೊಂದು ಮಾತಿದೆ, ಊ ಮಾಲ್ಲೋನ್, ಅಂದ್ರೆ ಇದು ಅದಕ್ಕಿಂತ ಹೆಚ್ಚೇನಲ್ಲ ಅಂತ. ಆ ರಾತ್ರಿ ಎಚ್ಚರ ಆಯ್ತು, ಅಪ್ಪ ನೆನಪಾದ್ರು, ಅಳು ಬಂತು. "ತಪ್ಪು" ಅನ್ನೋ ಮಾತು ಮಾತ್ರ ಬರ್ಲಿಲ್ಲ.

ಅಳು ಬಂತು ಅಂದೆ ಅಲ್ವಾ, ಅದು ವಿಧಾನ ಸೋತಿದ್ದಲ್ಲ. ಚಳಿ, ಬಾಯಾರಿಕೆ, ನೋವು ಇಂಥವು ಯಾರನ್ನೂ ಬಿಡಲ್ಲ, ಸಂಶಯವಾದಿಗೂ ಬರುತ್ತೆ ಅಂತ ಸೆಕ್ಸ್ಟಸ್ ನೇರವಾಗಿ ಒಪ್ಕೊಳ್ತಾನೆ, ಅಲ್ಲಿ ಅವನು ಹೇಳೋದು ಹದದಲ್ಲಿ ಅನುಭವಿಸೋದು ಅಷ್ಟೇ. ಬಿಟ್ಟುಹೋಗೋದು ಅದರ ಮೇಲೆ ನಾವು ಹಾಕ್ಕೊಳ್ಳೋ ಎರಡನೇ ಹೊರೆ, ಇದು ಸ್ವಭಾವದಿಂದಲೇ ಕೆಟ್ಟದ್ದು ಅನ್ನೋ ಅಭಿಪ್ರಾಯ. ಶಸ್ತ್ರಚಿಕಿತ್ಸೆ ಮಾಡಿಸ್ಕೊಳ್ಳೋನು ಎಷ್ಟೋ ಸಲ ತಡ್ಕೊಳ್ತಾನೆ, ಪಕ್ಕದಲ್ಲಿ ನಿಂತು ನೋಡೋನು ಎಚ್ಚರ ತಪ್ಪಿ ಬೀಳ್ತಾನೆ ಅಂತ ಉದಾಹರಣೆ ಕೊಡ್ತಾನೆ. ನನಗೆ ಈ ವಾಕ್ಯ ಓದಿ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟು ಕೂತಿರಬೇಕಾಯ್ತು.

ಈಗ ಡೇಕಾರ್ಟ್ ಯಾಕೆ ಕೆಲಸ ಮಾಡ್ಲಿಲ್ಲ ಅನ್ನೋದಕ್ಕೆ ಬರ್ತೀನಿ. ನನಗೆ ಕಂಡ ಮಟ್ಟಿಗೆ ಆ ಭೂತಕ್ಕೆ ತೂಕ ಇಲ್ಲ. ಹಾಗಿರಬಹುದು ಅನ್ನೋ ಸಾಧ್ಯತೆ ಬಿಟ್ರೆ ಆ ಕಡೆ ತಟ್ಟೇಲಿ ಏನೂ ಇಲ್ಲ, ಯಾರಿಗೂ ಅದು ನಿಜ ಅಂತ ಅನ್ಸಲ್ಲ, ಹಾಗಾಗಿ ಮನಸ್ಸು ಸಮಕ್ಕೆ ಬರೋದೇ ಇಲ್ಲ. ಅಣ್ಣನ ಮಾತು ಹಾಗಲ್ಲ, ಅದಕ್ಕೆ ತೂಕ ಇದೆ, ಅದರ ಎದುರಿನ ಮಾತಿಗೂ ಇದೆ. ಡೇಕಾರ್ಟ್‌ಗೆ ನೆಮ್ಮದಿ ಬೇಕಾಗೂ ಇರ್ಲಿಲ್ಲ, ಅಲುಗಾಡದ ಅಡಿಪಾಯ ಬೇಕಿತ್ತು, ಈ ಸಂದೇಹ ತಿಳಿವಿನ ವಿಷಯಕ್ಕೆ, ನಡವಳಿಕೆಗಲ್ಲ ಅಂತ ಅವನೇ ಹೇಳಿದ್ದ. ಇನ್ನು ಸ್ಕಾಟ್ಲೆಂಡಿನ ತತ್ವಜ್ಞಾನಿ ಹ್ಯೂಮ್ ತನ್ನ ಪುಸ್ತಕ ಟ್ರೀಟೈಸ್‌ನಲ್ಲಿ ಸಂದೇಹ ಹೆಚ್ಚಾಗಿ ತಲೆ ಬಿಸಿಯಾದಾಗ ಊಟ ಮಾಡಿ, ಸ್ನೇಹಿತರ ಜೊತೆ ಪಗಡೆ ಥರದ ಆಟ ಆಡಿದ್ರೆ ಅದು ಹೋಗಿಬಿಡುತ್ತೆ ಅಂತ ಬರೀತಾನೆ. ಅಂದ್ರೆ ಅವನಿಗೆ ಸಂದೇಹವೇ ಕಾಯಿಲೆ, ದಿನದ ಬದುಕು ಔಷಧಿ. ಸೆಕ್ಸ್ಟಸ್‌ಗೆ ಹಟ ಹಿಡಿದ ನಂಬಿಕೆ ಕಾಯಿಲೆ, ಸಂದೇಹ ಔಷಧಿ.

ಇನ್ನೊಂದು ವ್ಯತ್ಯಾಸ, ಇದು ನನಗೆ ಎಲ್ಲಕ್ಕಿಂತ ಮುಖ್ಯ. ಈಗಿನ ವಾದ "ನಿನಗೆ ಗೊತ್ತಿಲ್ಲ, ಗೊತ್ತಾಗೋದೂ ಇಲ್ಲ" ಅನ್ನೋ ತೀರ್ಮಾನಕ್ಕೆ ಬಂದು ನಿಲ್ಲುತ್ತೆ. ಸೆಕ್ಸ್ಟಸ್ ಪುಸ್ತಕದ ಮೊದಲ ಪುಟದಲ್ಲೇ ಅದನ್ನೂ ಒಂದು ತೀರ್ಪು ಅಂತ್ಲೇ ಬೇರೆ ಇಡ್ತಾನೆ. ಸಿಕ್ತು ಅನ್ನೋರು ಒಂದು ಗುಂಪು, ಸಿಗೋದೇ ಇಲ್ಲ ಅನ್ನೋರು ಇನ್ನೊಂದು, ಇನ್ನೂ ಹುಡುಕ್ತಾ ಇರೋರು ಮೂರನೇದು, ತಾನು ಈ ಮೂರನೇ ಗುಂಪು ಅಂತಾನೆ. ರಾತ್ರಿ ಮೂರು ಗಂಟೇಲಿ ಇದು ಶಬ್ದದ ಆಟ ಅಲ್ಲ. "ಎಂದಿಗೂ ಗೊತ್ತಾಗಲ್ಲ" ಬಾಗಿಲು ಹಾಕಿದ ಹಾಗೆ, "ಇನ್ನೂ ನೋಡ್ತಾ ಇದೀನಿ" ಅನ್ನೋದು ಉಸಿರಾಡೋಕೆ ಬಿಡುತ್ತೆ.

ಇದು ನಮ್ಮ ಜೈನರ ಸ್ಯಾದ್ವಾದಾನೇ ಅಲ್ವಾ ಅಂತ ಒಬ್ಬ ಗೆಳೆಯ ಕೇಳ್ದ. ಹತ್ತಿರದ್ದು ಅನ್ಸುತ್ತೆ, ಒಂದೇ ಅಲ್ಲ. ಸ್ಯಾದ್ವಾದ ಒಂದು ದೃಷ್ಟಿಯಿಂದ ಇದೂ ನಿಜ, ಇನ್ನೊಂದು ದೃಷ್ಟಿಯಿಂದ ಅದೂ ನಿಜ ಅಂತ ಒಪ್ಕೊಳ್ಳುತ್ತೆ, ಪಿರೋನ ದಾರೀಲಿ ಯಾವುದನ್ನೂ ನಿಜ ಅಂತ ಒಪ್ಕೊಳ್ಳೋದೂ ಇಲ್ಲ, ತಳ್ಳಿಹಾಕೋದೂ ಇಲ್ಲ.

ತೀರ್ಪೇ ಇಲ್ಲದೆ ಬದುಕೋದು ಹೇಗೆ ಅಂತ ಎಲ್ಲರೂ ಕೇಳ್ತಾರೆ, ಹಳೇ ಕಾಲದಿಂದ್ಲೂ ಕೇಳ್ತಿದಾರೆ, ಪಿರೋ ಎದುರಿಗೆ ಗಾಡಿ ಬಂದ್ರೂ ಸರೀತಿರ್ಲಿಲ್ಲ ಅಂತ ಕತೆಗಳೂ ಇವೆ, ಅವನ ದಾರಿ ಹಿಡಿದ ಐನೆಸಿಡೆಮಸ್ ಅದನ್ನ ಒಪ್ಪಿಲ್ಲ. ಸೆಕ್ಸ್ಟಸ್ ಉತ್ತರ ಸರಳ, ಕಾಣೋದನ್ನ ಅನುಸರಿಸು. ಹಸಿವಾದ್ರೆ ಉಣ್ಣು, ಊರಿನ ಪದ್ಧತಿ ನಡೆಸು, ಕಲಿತ ಕಸುಬು ಮಾಡು. ಜೇನು ಸಿಹಿಯಾಗಿ ಕಾಣುತ್ತೆ, ಅದಕ್ಕೆ ತಕರಾರಿಲ್ಲ, ಅದರ ಸ್ವಭಾವವೇ ಸಿಹೀನಾ ಅನ್ನೋದನ್ನ ಮಾತ್ರ ಮುಂದಕ್ಕೆ ಹಾಕು. ಹಾಗಾಗಿ ಅಮ್ಮನ ಬಿಪಿ ಮಾತ್ರೆ ವಿಷಯಕ್ಕೆ ನಾನು ಎರಡು ಪುಟ ಬರೆಯಲ್ಲ, ಡಾಕ್ಟರ್ ಹೇಳಿದ ಟೈಮಿಗೆ ಕೊಡ್ತೀನಿ. ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡ್ಬೇಕೋ ಬೇಡ್ವೋ ಅನ್ನೋದಕ್ಕೂ ಇದನ್ನ ಬಳಸಬಾರದು ಅನ್ನೋದು ನನ್ನ ಅಭಿಪ್ರಾಯ, ಒಂದ್ಸಲ ಬಳಸಿದ್ದೆ, ಎರಡು ವಾರ ಒಂದು ಅರ್ಜಿ ಹಾಗೇ ಬಿದ್ದಿತ್ತು.

ವರ್ಷದ ತಿಥಿಗೆ ಅಣ್ಣ ಬಂದ. ತಿಥಿ ಅಪ್ಪಂಗೆ ಮುಟ್ಟುತ್ತಾ ಇಲ್ವಾ ಅನ್ನೋದನ್ನ ನಾನು ತೀರ್ಮಾನ ಮಾಡಿಲ್ಲ, ನಮ್ಮನೇಲಿ ಮಾಡ್ತಾರೆ, ಮಾಡ್ದೆ. ಎಲ್ಲ ಮುಗಿದು ಜಗುಲೀಲಿ ಕೂತಾಗ ಅಣ್ಣ ಮೆಲ್ಲಗೆ, "ಅವತ್ತು ಮನೆಗೆ ಕರ್ಕೊಂಡು ಬಂದಿದ್ರೆ ಏನಾಗ್ತಿತ್ತೋ ಏನೋ" ಅಂದ. ನಾನು ಸಿಟ್ಟು ಬರುತ್ತಾ ಅಂತ ಒಂದು ಕ್ಷಣ ಕಾಯ್ತಾ ಇದ್ದೆ, ಬರ್ಲಿಲ್ಲ. "ಉಳೀತಿದ್ರೇನೋ, ಬೆನ್ನು ಹುಣ್ಣಾಗಿ ಇನ್ನೂ ನರಳ್ತಿದ್ರೇನೋ, ನನಗೆ ಎರಡೂ ಅಷ್ಟೇ ನಿಜ ಅನ್ಸುತ್ತೆ ಕಣಣ್ಣ" ಅಂದೆ. ಅವನು ಹೂಂ ಅಂದ. ಆಮೇಲೆ ಇಬ್ರೂ ಅಪ್ಪ ಸೈಕಲ್ಲಲ್ಲಿ ನಮ್ಮನ್ನ ಸ್ಕೂಲಿಗೆ ಬಿಡ್ತಿದ್ದಿದ್ದು ಮಾತಾಡ್ತಾ ಕೂತ್ವಿ.